ಎರಡು ಸನ್ನೆಗಳ ಲೆಕ್ಕ

ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕು ಕಾರ್ಖಾನೆ ಈಗ ಸ್ವಂತ ಕಂಪನಿಯಲ್ಲ, 1998ರಿಂದ ಸೇಲ್ ಅನ್ನುವ ದೊಡ್ಡ ಸರ್ಕಾರಿ ಕಂಪನಿಯ ಒಂದು ಘಟಕ. ಅದಕ್ಕೆ ತನ್ನದೇ ಷೇರಿಲ್ಲ. ಹಾಗಾಗಿ ಅದರ ಷೇರೊಂದಕ್ಕೆ ಎಷ್ಟು ಗಳಿಕೆ, ಅಂದ್ರೆ ಇಪಿಎಸ್ ಎಷ್ಟು ಅಂತ ಕೇಳೋ ಹಾಗಿಲ್ಲ. ಆದ್ರೆ ಸೇಲ್‌ಗೆ ಕೇಳಬಹುದು. 2021-22ರಲ್ಲಿ ಸೇಲ್ ಸುಮಾರು 1,03,000 ಕೋಟಿ ರೂಪಾಯಿ ವ್ಯಾಪಾರ ಮಾಡಿ, ಷೇರಿಗೆ 29 ರೂಪಾಯಿ ಗಳಿಸಿತು. ಮಾರನೇ ವರ್ಷ ವ್ಯಾಪಾರ ಸುಮಾರು 1,04,000 ಕೋಟಿ. ಷೇರಿಗೆ ಗಳಿಕೆ ಮಾತ್ರ 4 ರೂಪಾಯಿ 60 ಪೈಸೆಯ ಆಸುಪಾಸು. ವ್ಯಾಪಾರ ಒಂದು ಚೂರು ಜಾಸ್ತಿಯಾಗಿ, ಗಳಿಕೆ ಆರರಲ್ಲೊಂದು ಪಾಲಾಯ್ತು. ಆ ವರ್ಷದಲ್ಲೇ, 2023ರ ಜನವರಿಯಲ್ಲಿ, ಭದ್ರಾವತಿ ಘಟಕ ಮುಚ್ಚುವ ನಿರ್ಧಾರದ ಸುದ್ದಿ ಬಂದದ್ದು. ಒಂದಕ್ಕೊಂದು ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಅಷ್ಟು ದೊಡ್ಡ ಕಂಪನಿಯಲ್ಲಿ ಭದ್ರಾವತಿ ತೀರಾ ಸಣ್ಣ ಪಾಲು, ಅದರ ಕಷ್ಟ ಬಹಳ ಹಳೆಯದು.

ನಾನು ಬೆಂಗಳೂರಿನಲ್ಲಿ ಕಂಪನಿಗಳ ಸಾಲದ ಫೈಲ್ ಓದಿ ಸಂಬಳ ತಗೊಳ್ಳೋನು. ಇಂಥ ಅಂಕಿ ನೋಡಿದರೆ ಗಾಬರಿಯಾಗಲ್ಲ. ಆದ್ರೆ ಹೋದ ವರ್ಷ ದೊಡ್ಡಪ್ಪನ ಮಗ ಫೋನ್ ಮಾಡಿ, "ಒಂದು ಶನಿವಾರ ಊರಿಗೆ ಬಾ ಮಾರಾಯ, ಬ್ಯಾಂಕಿನೋರು ಮನೆ ಪತ್ರ ಕೇಳ್ತಿದಾರೆ" ಅಂದಾಗ ಇದೇ ಲೆಕ್ಕ ಮನೆಯೊಳಗೆ ಬಂದು ಕೂತಿತು. ಮನೆ ಅಂದ್ರೆ ಸವಳಂಗ ರಸ್ತೆಯಲ್ಲಿ ದೊಡ್ಡಪ್ಪ ಕಟ್ಟಿಸಿದ್ದು. ದೊಡ್ಡಮ್ಮ ಈಗಲೂ ಅಲ್ಲೇ ಇದಾರೆ.

ಅಣ್ಣನದು ಮಾಚೇನಹಳ್ಳಿ ಕಡೆ, ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಒಂದು ಸಣ್ಣ ಫೌಂಡ್ರಿ. ಗುಜರಿ ಕಬ್ಬಿಣ ಕರಗಿಸಿ ಲಾರಿಗಳಿಗೆ ಬೇಕಾದ ಎರಕದ ಭಾಗಗಳನ್ನು ಮಾಡ್ತಾನೆ. ಎರಕ ಹೊಯ್ದ ಮೇಲೆ ಅದನ್ನು ಕೊರೆದು, ತಿರುವಿ, ಅಳತೆಗೆ ತರುವ ಮಷೀನಿಂಗ್ ಕೆಲಸವನ್ನು ಹೊರಗಡೆ ಬೇರೆಯವರಿಗೆ ಕೊಟ್ಟು ಮಾಡಿಸ್ತಾನೆ. ಈಗ ಆ ಕೆಲಸವನ್ನೂ ತಾನೇ ಮಾಡಬೇಕು ಅಂತ ಅವನ ಆಸೆ. ಎರಡು ಕೋಟಿಯ ಸಿಎನ್‌ಸಿ ಮಷೀನುಗಳು. ಎರಡು ಕೋಟಿಯೂ ಸಾಲ, ಅದಕ್ಕೆ ಜಾಮೀನು ಆ ಮನೆ. ಇಲ್ಲವೇ ನಾನು, ಭಾವ, ಇನ್ನೊಂದಿಬ್ಬರು ಸೇರಿ ಷೇರು ಹಣ ಹಾಕಬೇಕು. ಇದು ಅವನ ಪ್ರಶ್ನೆ.

ಲಿವರೇಜ್ ಅನ್ನೋ ಮಾತಿಗೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಸನ್ನೆ. ಕಲ್ಲು ಎಬ್ಬಿಸುವವರು ಹಾರೆಯನ್ನು ಸನ್ನೆ ಕೊಟ್ಟು ಒತ್ತಿದರೆ ಈ ತುದಿಯ ಸಣ್ಣ ಬಲ ಆ ತುದಿಯಲ್ಲಿ ದೊಡ್ಡದಾಗುತ್ತೆ. ವ್ಯವಹಾರದಲ್ಲಿ ಹಾರೆಯ ಕೆಲಸ ಮಾಡೋದು ಕದಲದ ಖರ್ಚು. ಇದು ಎರಡು ಥರ. ಒಂದು ಕಾರ್ಖಾನೆಯೊಳಗಿನದು: ಕಾಯಂ ಕೆಲಸಗಾರರ ಸಂಬಳ, ಯಂತ್ರಗಳ ಸವಕಳಿ, ಕುಲುಮೆ ಉರಿಯಲಿ ಬಿಡಲಿ ಬರುವ ಕರೆಂಟಿನ ಡಿಮ್ಯಾಂಡ್ ಚಾರ್ಜ್. ಇನ್ನೊಂದು ಸಾಲದ ಬಡ್ಡಿ. ಮೊದಲನೆಯದು ಕೊಡುವ ಎಳೆತಕ್ಕೆ ಆಪರೇಟಿಂಗ್ ಲಿವರೇಜ್ ಅಂತಾರೆ, ಎರಡನೆಯದಕ್ಕೆ ಫೈನಾನ್ಷಿಯಲ್ ಲಿವರೇಜ್. ಮೊದಲನೆಯ ಸನ್ನೆಯ ಆ ತುದಿಗೆ ಎರಡನೆಯ ಸನ್ನೆಯ ಈ ತುದಿ ಜೋಡಿಸಿದೆ ಅಂದ್ಕೊಳ್ಳಿ. ಹಾಗಾಗಿ ಎರಡೂ ಸೇರೋದು ಕೂಡಿಸಿ ಅಲ್ಲ, ಗುಣಿಸಿ.

ಭದ್ರಾವತಿ ಈ ಮೊದಲ ಸನ್ನೆಯ ಹಳೇ ಪಾಠಶಾಲೆ. ಕಾರ್ಖಾನೆಯ ಯೋಜನೆ ಆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಕಬ್ಬಿಣಕ್ಕೆ ಚಿನ್ನದ ಬೆಲೆ ಇದ್ದಾಗ. ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ಬೆಲೆ ಕುಸಿದಿತ್ತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ ಅಂತ ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ ಕಬ್ಬಿಣ ಕರಗಿಸೋ ಏರ್ಪಾಡು. ಅದಕ್ಕೆ ಬೇಕಾದ ಕಾಡಿನ ದಾರಿ, ಕಟ್ಟಿಗೆ ಭಟ್ಟಿ, ಕುಲುಮೆ ಎಲ್ಲಕ್ಕೂ ಹಣ ಸುರಿದಾಗಿತ್ತು. ಕುಲುಮೆಯ ಜಾತಿಯೇ ಹಾಗೆ, ಇವತ್ತು ಬೇಡಿಕೆ ಇಲ್ಲ ಅಂತ ಸಂಜೆ ಆರಿಸಿ ಬೆಳಿಗ್ಗೆ ಹಚ್ಚೋಕೆ ಆಗಲ್ಲ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಉಸ್ತುವಾರಿ ಹೊತ್ತು ಖರ್ಚು ಕಡಿದು ಕಾರ್ಖಾನೆಯನ್ನು ನಿಲ್ಲಿಸಿದರು. ಮಾರುಕಟ್ಟೆಯ ಬೆಲೆ ಅವರ ಕೈಲಿರಲಿಲ್ಲ, ಖರ್ಚು ಇತ್ತು. ನಮ್ಮ ಕಡೆ ಜನ ಅವರ ಶಿಸ್ತನ್ನು ಕೊಂಡಾಡೋವಾಗ ಈ ಅಂಶ ಬಿಟ್ಟುಬಿಡ್ತಾರೆ ಅಂತ ನನಗೊಂದು ಸಣ್ಣ ಅಸಮಾಧಾನ.

ಈಗ ಅಣ್ಣನ ಲೆಕ್ಕ. ಅಂಕಿಗಳನ್ನು ರೌಂಡ್ ಮಾಡಿದೀನಿ, ಅನುಪಾತ ಹೆಚ್ಚು ಕಡಿಮೆ ಅವನದ್ದೇ.

ವರ್ಷದ ವ್ಯಾಪಾರ 10 ಕೋಟಿ. ಇದರಲ್ಲಿ 6 ಕೋಟಿ ಗುಜರಿ, ಮರಳು, ಯೂನಿಟ್ ಲೆಕ್ಕದ ಕರೆಂಟು, ಹೊರಗಿನ ಮಷೀನಿಂಗ್ ಕೂಲಿ. ಮಾಲು ಕಡಿಮೆ ಮಾಡಿದರೆ ಇದೂ ಅಷ್ಟೇ ಕಡಿಮೆ. ಉಳಿದ 4 ಕೋಟಿಗೆ ಕಾಂಟ್ರಿಬ್ಯೂಷನ್ ಅಂತಾರೆ. ಅದರಲ್ಲಿ 3 ಕೋಟಿ ಕದಲದ ಖರ್ಚಿಗೆ. ಮಿಕ್ಕಿದ್ದು 1 ಕೋಟಿ, ಅದನ್ನು ಕಾರ್ಖಾನೆ ಲಾಭ ಅಂತ ಕರೆಯೋಣ. ಬಡ್ಡಿ 40 ಲಕ್ಷ ಕಟ್ಟಿದರೆ 60 ಲಕ್ಷ, ಕಾಲುಭಾಗ ತೆರಿಗೆ ಹೋಗಿ 45 ಲಕ್ಷ. ಮನೆಮಂದಿಯ ಹೆಸರಿನಲ್ಲಿರೋ ಒಟ್ಟು ಷೇರು ಒಂದೂವರೆ ಲಕ್ಷ. ಷೇರಿಗೆ ಗಳಿಕೆ 30 ರೂಪಾಯಿ.

ಕಾಂಟ್ರಿಬ್ಯೂಷನ್ನನ್ನು ಕಾರ್ಖಾನೆ ಲಾಭದಿಂದ ಭಾಗಿಸಿದರೆ ಮೊದಲ ಸನ್ನೆಯ ಬಲ ಸಿಗುತ್ತೆ: 4 ಕೋಟಿ ಭಾಗಿಸು 1 ಕೋಟಿ, ಅಂದ್ರೆ 4. ಕಾರ್ಖಾನೆ ಲಾಭವನ್ನು ಬಡ್ಡಿ ಕಳೆದ ಲಾಭದಿಂದ ಭಾಗಿಸಿದರೆ ಎರಡನೆಯದು: 100 ಭಾಗಿಸು 60, ಸುಮಾರು 1.67. ಗುಣಿಸಿದರೆ 6.67. ಇದೇ ಒಟ್ಟು ಲಿವರೇಜ್. ಮಾರಿದ ಮಾಲು ಶೇಕಡಾ 1ರಷ್ಟು ಕಡಿಮೆಯಾದರೆ ಷೇರಿನ ಗಳಿಕೆ ಶೇಕಡಾ 6.67ರಷ್ಟು ಬೀಳುತ್ತೆ ಅಂತ ಅರ್ಥ.

ಶೇಕಡಾ 10 ಮಾಲು ಕಡಿಮೆ ಹೋಯ್ತು ಅಂದ್ಕೊಂಡು ಕೈಯಲ್ಲೇ ಲೆಕ್ಕ ಹಾಕಿ ನೋಡಿ. ವ್ಯಾಪಾರ 9 ಕೋಟಿ, ಕಾಂಟ್ರಿಬ್ಯೂಷನ್ 3 ಕೋಟಿ 60 ಲಕ್ಷ, ಕದಲದ 3 ಕೋಟಿ ಹೋಗಿ 60 ಲಕ್ಷ, ಬಡ್ಡಿ ಹೋಗಿ 20 ಲಕ್ಷ, ತೆರಿಗೆ ಹೋಗಿ 15 ಲಕ್ಷ. ಷೇರಿಗೆ 10 ರೂಪಾಯಿ. ಮೂವತ್ತರಿಂದ ಹತ್ತಕ್ಕೆ. ಅಣ್ಣ ಇಷ್ಟು ನೋಡಿ, "ಹೌದು ಕಣೋ, ಕೋವಿಡ್ ಮುಂಚಿನ ವರ್ಷ ಹಿಂಗೇ ಆಗಿದ್ದು. ಆರ್ಡರ್ ಅಂಥಾ ಏನೂ ಕಮ್ಮಿ ಆಗಿರಲಿಲ್ಲ, ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತೇ ಆಗಲಿಲ್ಲ" ಅಂದ.

ಇಲ್ಲಿಗೆ ಪಠ್ಯಪುಸ್ತಕ ಸಾಮಾನ್ಯವಾಗಿ ನಿಲ್ಲಿಸುತ್ತೆ. ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನದು. ಆ 9 ಕೋಟಿಯ ಜಾಗದಲ್ಲಿ ನಿಂತು ಮತ್ತೆ ಸನ್ನೆಯ ಬಲ ಅಳೆದರೆ ಅದು 4 ಆಗಿ ಉಳಿದಿಲ್ಲ. 3.6 ಭಾಗಿಸು 0.6, ಅಂದ್ರೆ 6. ಎರಡನೆಯದು 60 ಭಾಗಿಸು 20, ಅಂದ್ರೆ 3. ಒಟ್ಟು 18! ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ, ಒಂದು ಯಂತ್ರ ತಂದಿಲ್ಲ. ಆದರೂ ಒಟ್ಟು ಎಳೆತ 6.67ರಿಂದ 18ಕ್ಕೆ ಏರಿದೆ. "ಈ ಕಂಪನಿಯ ಲಿವರೇಜ್ ಇಷ್ಟು" ಅಂತ ಯಾರಾದ್ರೂ ಹೇಳಿದರೆ, "ಎಷ್ಟು ವ್ಯಾಪಾರದಲ್ಲಿ?" ಅಂತ ಮರುಪ್ರಶ್ನೆ ಹಾಕಬೇಕು. ಅದು ಕಂಪನಿಯ ಗುಣ ಅಲ್ಲ, ಕಂಪನಿ ಆ ಹೊತ್ತಿಗೆ ನಿಂತಿರೋ ಜಾಗದ ಗುಣ. ಅಂಚಿಗೆ ಹತ್ತಿರ ಹೋದಷ್ಟೂ ಹಾರೆ ಉದ್ದವಾಗ್ತಾ ಹೋಗುತ್ತೆ.

ಅಂಚು ಎಷ್ಟು ದೂರ ಅನ್ನೋದಕ್ಕೂ ಅದೇ ಅಂಕಿಯಲ್ಲಿ ಉತ್ತರ ಇದೆ. ನೂರನ್ನು ಒಟ್ಟು ಲಿವರೇಜಿನಿಂದ ಭಾಗಿಸಿದರೆ ಸಾಕು. 100 ಭಾಗಿಸು 6.67, ಅಂದ್ರೆ 15. ಮಾಲು ಶೇಕಡಾ 15 ಕಡಿಮೆಯಾದ ದಿನ ಷೇರಿನ ಗಳಿಕೆ ಸೊನ್ನೆ.

ಸೇಲ್‌ನಲ್ಲೂ ಇದೇ ಕಾಣುತ್ತೆ. 2021-22ರಲ್ಲಿ ತೆರಿಗೆಗೆ ಮುಂಚಿನ ಲಾಭ ಸುಮಾರು 16,000 ಕೋಟಿ, ಬಡ್ಡಿ ಸುಮಾರು 1,700 ಕೋಟಿ. ಫೈನಾನ್ಷಿಯಲ್ ಲಿವರೇಜ್ 1.1, ಅಂದ್ರೆ ಇದ್ದೂ ಇಲ್ಲದ ಹಾಗೆ. ಮಾರನೇ ವರ್ಷ ಬಡ್ಡಿ ಸ್ವಲ್ಪ ಹೆಚ್ಚಿ 2,000 ಕೋಟಿ, ಲಾಭ ಮಾತ್ರ ಸುಮಾರು 2,600 ಕೋಟಿಗೆ ಇಳಿಯಿತು. ಅದೇ ಲಿವರೇಜ್ ಈಗ 1.8ರ ಹತ್ತಿರ. ಸಾಲ ದೊಡ್ಡದಾದ್ದಕ್ಕಿಂತ ಹೆಚ್ಚಾಗಿ, ಸಾಲ ಹೊರೋ ಹೆಗಲು ಸಣ್ಣದಾಯ್ತು. ಹಾಗಾಗಿ ಆ ವರ್ಷದ ಕುಸಿತಕ್ಕೆ ಸಾಲವನ್ನು ದೂರೋದು ತಪ್ಪು. ಬಿದ್ದದ್ದು ಬಹುಪಾಲು ಕಾರ್ಖಾನೆಯೊಳಗೇ.

ಈಗ ಎರಡು ಕೋಟಿಯ ಮಷೀನು. ಹೊರಗಿನ ಮಷೀನಿಂಗ್ ಕೂಲಿ ನಿಂತು ವರ್ಷಕ್ಕೆ 80 ಲಕ್ಷ ಉಳಿಯುತ್ತೆ, ಕಾಂಟ್ರಿಬ್ಯೂಷನ್ 4 ಕೋಟಿ 80 ಲಕ್ಷ ಆಗುತ್ತೆ. ಆಪರೇಟರ್‌ಗಳ ಸಂಬಳ, ಸವಕಳಿ, ನಿರ್ವಹಣೆ ಸೇರಿ ಕದಲದ ಖರ್ಚು 50 ಲಕ್ಷ ಜಾಸ್ತಿ. ಕಾರ್ಖಾನೆ ಲಾಭ 1 ಕೋಟಿ 30 ಲಕ್ಷ. ಹೊರಗೆ ಕೊಡ್ತಿದ್ದ ಕೂಲಿ ಆರ್ಡರ್ ಇದ್ದರೆ ಮಾತ್ರ ಕೊಡೋದಾಗಿತ್ತು. ಈಗ ಅದನ್ನು ಆರ್ಡರ್ ಇಲ್ಲದಿದ್ದರೂ ಕೊಡೋ ಸಂಬಳವಾಗಿ ಬದಲಾಯಿಸ್ತಾ ಇದಾನೆ. ಲಾಭ ಬರೋದು ಆ ಅದಲು ಬದಲಿನಿಂದಲೇ.

ಪೂರ್ತಿ ಸಾಲ ಮಾಡಿದರೆ ಶೇಕಡಾ 10ರ ಬಡ್ಡಿಗೆ ವರ್ಷಕ್ಕೆ 20 ಲಕ್ಷ ಸೇರಿ ಒಟ್ಟು ಬಡ್ಡಿ 60 ಲಕ್ಷ. ಷೇರಿನ ಗಳಿಕೆ 30ರಿಂದ 35 ರೂಪಾಯಿಗೆ ಏರುತ್ತೆ. ಪೂರ್ತಿ ಷೇರು ಹಣ ಹಾಕಿದರೆ, ಷೇರಿಗೆ 200 ರೂಪಾಯಿಯಂತೆ ಒಂದು ಲಕ್ಷ ಹೊಸ ಷೇರು. ಬಡ್ಡಿ 40 ಲಕ್ಷವೇ, ಆದ್ರೆ ಲಾಭ ಎರಡೂವರೆ ಲಕ್ಷ ಷೇರಿಗೆ ಹಂಚಬೇಕು. ಷೇರಿಗೆ 27 ರೂಪಾಯಿ. "ನೋಡು, ನಿಮ್ಮನ್ನೆಲ್ಲ ಸೇರಿಸ್ಕೊಂಡ್ರೆ ನನ್ನ ಗಳಿಕೆ ಮೂವತ್ತರಿಂದ ಇಪ್ಪತ್ತೇಳಕ್ಕೆ ಇಳಿಯುತ್ತೆ. ಸಾಲ ಮಾಡಿದ್ರೆ ಮೂವತ್ತೈದು" ಅಂದ ಅಣ್ಣ. ಬ್ಯಾಂಕಿನವರು ತೋರಿಸಿದ್ದೂ ಆ ಮೂವತ್ತೈದನ್ನೇ ಇರಬೇಕು.

ಆದ್ರೆ ಮೂವತ್ತೈದು ಒಂದೇ ಒಂದು ವರ್ಷದ ಚಿತ್ರ. ಮಾಲು ಶೇಕಡಾ 10 ಹೆಚ್ಚು ಹೋದ ವರ್ಷ ಸಾಲದ ದಾರಿಯಲ್ಲಿ ಷೇರಿಗೆ 59 ರೂಪಾಯಿ, ಶೇಕಡಾ 10 ಕಡಿಮೆ ಹೋದ ವರ್ಷ 11 ರೂಪಾಯಿ. ಷೇರು ಹಣದ ದಾರಿಯಲ್ಲಿ ಅದೇ ಎರಡು ವರ್ಷಕ್ಕೆ 41 ಮತ್ತು 12.60. ಯಂತ್ರ ಒಂದೇ, ಗಿರಾಕಿ ಒಬ್ಬರೇ. ಏರಿಳಿತದ ಅಗಲ ಮಾತ್ರ ಒಂದರಲ್ಲಿ 48 ರೂಪಾಯಿ, ಇನ್ನೊಂದರಲ್ಲಿ ಸುಮಾರು 29. ಇಪಿಎಸ್ ಜೋಲಿ ಹೊಡೆಯುತ್ತೆ ಅಂತಾರಲ್ಲ, ಅದು ಇದೇ.

ಹಾಗಾದ್ರೆ ಎರಡೂ ದಾರಿ ಎಲ್ಲಿ ಸಮ ಆಗುತ್ತೆ? ಕಾರ್ಖಾನೆ ಲಾಭ 90 ಲಕ್ಷ ಇದ್ದಾಗ ಎರಡರಲ್ಲೂ ಷೇರಿಗೆ 15 ರೂಪಾಯಿ. ಅದಕ್ಕೆ ಬೇಕಾದ ವ್ಯಾಪಾರ 9 ಕೋಟಿ 16 ಲಕ್ಷ ಚಿಲ್ಲರೆ, ಅಂದ್ರೆ ಈಗಿನದಕ್ಕಿಂತ ಶೇಕಡಾ 8.3ರಷ್ಟು ಕಡಿಮೆ. ಇದನ್ನು ಅಣ್ಣನ ಮುಂದಿಟ್ಟೆ. ಸಾಲ ಒಳ್ಳೇದೋ ಷೇರು ಒಳ್ಳೇದೋ ಅನ್ನೋ ಚರ್ಚೆ ಬಿಟ್ಟು, "ನಿನ್ನ ಮಾಲು ಶೇಕಡಾ 8.3ಕ್ಕಿಂತ ಜಾಸ್ತಿ ಬೀಳೋ ವರ್ಷ ಎಷ್ಟು ಸಲ ಬರುತ್ತೆ?" ಅಂತ ಕೇಳಿದೆ. ಅದಕ್ಕೆ ಫೈನಾನ್ಸ್ ಓದಬೇಕಿಲ್ಲ, ಇಪ್ಪತ್ತು ವರ್ಷ ಫೌಂಡ್ರಿ ನಡೆಸಿದ್ರೆ ಸಾಕು. ಅವನು ಸುಮ್ಮನಾದ. ದೇಶದೊಳಗೆ ಲಾರಿ, ಬಸ್ಸಿನಂಥ ವಾಣಿಜ್ಯ ವಾಹನಗಳ ಮಾರಾಟ 2018-19ರಲ್ಲಿ ಹತ್ತು ಲಕ್ಷ ದಾಟಿತ್ತು. ಮಾರನೇ ವರ್ಷ ಸುಮಾರು ಏಳು ಲಕ್ಷದ ಹದಿನೇಳು ಸಾವಿರಕ್ಕೆ ಬಂತು. ಶೇಕಡಾ 29ರ ಹತ್ತಿರ ಇಳಿತ, ಅದೂ ಲಾಕ್‌ಡೌನ್ ಬಂದದ್ದು ಆ ವರ್ಷದ ಕೊನೇ ವಾರದಲ್ಲಿ. ಲಾರಿ ಬಿಡಿಭಾಗ ಮಾಡೋರಿಗೆ ಶೇಕಡಾ ಎಂಟು ಅಪರೂಪದ ವಿಷಯ ಅಲ್ಲವೇ ಅಲ್ಲ.

ಇಲ್ಲಿವರೆಗಿನ ಲೆಕ್ಕ ಎಲ್ಲಾ ಮಾಲಿನ ಪ್ರಮಾಣ ಕಡಿಮೆಯಾದರೆ ಅನ್ನೋದರ ಮೇಲೆ ನಿಂತಿದೆ. ಈ ಸೂತ್ರ ಮಾಲಿನ ಬೆಲೆಯೂ ಗುಜರಿಯ ಬೆಲೆಯೂ ಬದಲಾಗಲ್ಲ ಅಂತ ಒಪ್ಪಿಕೊಂಡೇ ಶುರುವಾಗೋದು. ಬೆಲೆ ಬಿದ್ದರೆ ಕತೆ ಬೇರೆ. ಸಾಲದ ದಾರಿಯಲ್ಲಿ ಒಟ್ಟು ಲಿವರೇಜ್ 6.86. ವ್ಯಾಪಾರ ಶೇಕಡಾ 3 ಕಡಿಮೆಯಾದರೆ ಗಳಿಕೆ ಶೇಕಡಾ 21 ಬೀಳಬೇಕು ಅಂತ ಅದು ಹೇಳುತ್ತೆ. ಮಾಲು ಅಷ್ಟೇ ಹೋಗಿ, ಗಿರಾಕಿ ದರದಲ್ಲಿ ಶೇಕಡಾ 3 ಕಿತ್ತುಕೊಂಡ ಅಂತಿಟ್ಕೊಳ್ಳಿ. ಆಗ 30 ಲಕ್ಷಕ್ಕೆ 30 ಲಕ್ಷವೂ ಲಾಭದಿಂದಲೇ ಹೋಗುತ್ತೆ, ಯಾಕಂದ್ರೆ ಗುಜರಿ ಅಷ್ಟೇ ಬೇಕು, ಕರೆಂಟು ಅಷ್ಟೇ ಬೇಕು. ಬಡ್ಡಿ ಕಳೆದ ಲಾಭ 70 ಲಕ್ಷದಿಂದ 40ಕ್ಕೆ, ಷೇರಿಗೆ 35ರಿಂದ 20. ಶೇಕಡಾ 43ರ ಇಳಿತ, ಸೂತ್ರ ಹೇಳಿದ್ದರ ಎರಡರಷ್ಟು. ಗುಜರಿ ದುಬಾರಿಯಾಗಿ ಗಿರಾಕಿ ದರ ಏರಿಸೋಕೆ ಮೂರು ತಿಂಗಳು ತಡ ಮಾಡಿದರೂ ಇದೇ ಪೆಟ್ಟು, ಆ ಮೂರು ತಿಂಗಳ ಮಟ್ಟಿಗೆ.

ಸೇಲ್‌ನ ಆ ವರ್ಷವನ್ನು ಹೀಗೆ ಓದಬೇಕು. ವ್ಯಾಪಾರ ಶೇಕಡಾ 1 ಹೆಚ್ಚು, ಗಳಿಕೆ ಶೇಕಡಾ 84 ಕಡಿಮೆ. ಸೂತ್ರಕ್ಕೆ ಹಾಕಿದರೆ ಲಿವರೇಜ್ ಮೈನಸ್ 84 ಅಂತ ಬರುತ್ತೆ, ಅದಕ್ಕೆ ಅರ್ಥವೇ ಇಲ್ಲ. ನಡೆದದ್ದು ಇಷ್ಟು: ಉಕ್ರೇನ್ ಯುದ್ಧ ಶುರುವಾದ ಮೇಲೆ ಆಮದಿನ ಕೋಕಿಂಗ್ ಕಲ್ಲಿದ್ದಲು ಹೊತ್ತಿ ಉರಿಯೋ ಬೆಲೆಗೆ ಹೋಯ್ತು. 2022ರ ಮೇ ತಿಂಗಳಲ್ಲಿ ಉಕ್ಕಿನ ರಫ್ತಿಗೆ ಸರ್ಕಾರ ಸುಂಕ ಹಾಕಿತು, ನವೆಂಬರಿನಲ್ಲಿ ತೆಗೆಯಿತು. ಕರಗಿಸೋ ಖರ್ಚು ಮೇಲೆ, ಮಾರೋ ಬೆಲೆ ಕೆಳಗೆ. ವಾರ್ಷಿಕ ವರದಿಯಿಂದ ಎರಡು ವರ್ಷದ ಅಂಕಿ ಎತ್ತಿ ಶೇಕಡಾವಾರು ಭಾಗಿಸಿ "ಆಪರೇಟಿಂಗ್ ಲಿವರೇಜ್" ಅಂತ ಸ್ಲೈಡಿಗೆ ಅಂಟಿಸೋರು ನನ್ನ ಆಫೀಸಿನಲ್ಲೂ ಇದಾರೆ. ಬಂದ ಅಂಕಿ ಮೈನಸ್ ಇದ್ದರೆ, ಅಥವಾ ವರ್ಷದಿಂದ ವರ್ಷಕ್ಕೆ 3, 40, 7 ಅಂತ ಕುಣಿದರೆ, ನೀವು ಅಳೀತಿರೋದು ಸನ್ನೆಯನ್ನಲ್ಲ, ಬೆಲೆಯ ಏರಿಳಿತವನ್ನು. ಸನ್ನೆ ಬೇಕಾದರೆ ಖರ್ಚಿನ ಪಟ್ಟಿ ಬಿಡಿಸಿ, ಯಾವುದು ಕದಲುತ್ತೆ ಯಾವುದು ಕದಲಲ್ಲ ಅಂತ ಸಾಲು ಸಾಲಾಗಿ ಕೇಳಬೇಕು. ಅಣ್ಣನ ಜೊತೆ ಅರ್ಧ ದಿನ ಹೋಗಿದ್ದು ಇದಕ್ಕೇ. ಕರೆಂಟು ಬಿಲ್ಲನ್ನೇ ಎರಡು ಭಾಗ ಮಾಡಬೇಕಾಯ್ತು. "ಮೋಲ್ಡಿಂಗ್ ಹುಡುಗರ ಸಂಬಳ ಯಾವ ಕಡೆ?" ಅಂದೆ. "ಆರ್ಡರ್ ಇಲ್ಲ ಅಂದ್ರೆ ಅವರನ್ನ ಕಳಿಸಬಹುದು, ಆದ್ರೆ ಮತ್ತೆ ಸಿಗಲ್ಲ" ಅಂದ. ಅದನ್ನೂ ಕದಲದ ಕಡೆಗೇ ಬರೆದೆವು.

ಇನ್ನೊಂದು ಮಾತು ಇಪಿಎಸ್‌ನಲ್ಲಿ ಕಾಣಿಸೋದೇ ಇಲ್ಲ. ಬಡ್ಡಿ ಖರ್ಚಿನಲ್ಲಿ ಬರುತ್ತೆ, ಅಸಲಿನ ಕಂತು ಬರಲ್ಲ. ಎರಡು ಕೋಟಿ ಐದು ವರ್ಷಕ್ಕೆ ಅಂದ್ರೆ ವರ್ಷಕ್ಕೆ 40 ಲಕ್ಷ ಅಸಲು, ಹಳೇ ಸಾಲದ ಕಂತು 30 ಲಕ್ಷ, ಒಟ್ಟು 70. ಷೇರಿಗೆ 6 ರೂಪಾಯಿ ಮಾತ್ರ ಗಳಿಸೋ ಕೆಟ್ಟ ವರ್ಷ ಬಂದರೆ ಲಾಭ 9 ಲಕ್ಷ. ಕೈಯಿಂದ ಹೋಗದ ಖರ್ಚಾದ ಸವಕಳಿ 60 ಲಕ್ಷ ವಾಪಸ್ ಕೂಡಿಸಿದರೆ 69. ಒಂದು ಲಕ್ಷ ಕೊರತೆ. ಪುಸ್ತಕದಲ್ಲಿ ಇನ್ನೂ ಲಾಭ, ಬ್ಯಾಂಕಿನಲ್ಲಿ ಕಂತು ಬಾಕಿ. ಮನೆ ಪತ್ರ ಅಪಾಯಕ್ಕೆ ಬರೋದು ಗಳಿಕೆ ಸೊನ್ನೆಯಾದಾಗ ಅಲ್ಲ, ಅದಕ್ಕೂ ಮುಂಚೆಯೇ.

ದೊಡ್ಡಮ್ಮ ಈ ಹೊತ್ತಿಗೆ ಕಾಫಿ ತಂದಿಟ್ಟು, "ಏನ್ರೋ ಅದು ಬೆಳಗ್ಗಿಂದ ಭಾಗಾಕಾರ" ಅಂದ್ರು. ಪತ್ರ ಅವರ ಹೆಸರಲ್ಲಿದೆ. ಅಣ್ಣ ಅವರಿಗೆ ಶೇಕಡಾ 10ರ ಕತೆ ಮಾತ್ರ ಹೇಳಿದ, ಸೂತ್ರ ಹೇಳಲಿಲ್ಲ. "ಹಂಗಾದ್ರೆ ಒಂದೇ ಮಷೀನು ತಗೋ" ಅಂದ್ರು ಅವರು. ಎಂಬಿಎ ಓದಿದ ನನಗೆ ಎರಡು ಕೋಟಿಯನ್ನು ಹೇಗೆ ಹೊಂದಿಸೋದು ಅನ್ನೋದೇ ಪ್ರಶ್ನೆಯಾಗಿತ್ತು. ಎರಡು ಕೋಟಿಯೇ ಯಾಕೆ ಅನ್ನೋದು ಅವರ ಪ್ರಶ್ನೆ.

ಕೊನೆಗೆ ಅರ್ಧದಷ್ಟು ಮಷೀನು ಅಂತ ತೀರ್ಮಾನ ಆಯ್ತು. ಹೆಚ್ಚು ಓಡೋ ಎರಡು ಭಾಗಗಳಿಗೆ ಮಾತ್ರ ಒಳಗೆ ಮಷೀನಿಂಗ್, ಮಿಕ್ಕಿದ್ದು ಹೊರಗೇ. ಬೇಡಿಕೆ ಬಿದ್ದಾಗ ಹೊರಗಿನ ಕೂಲಿ ತಾನಾಗಿ ಕಡಿಮೆಯಾಗುತ್ತೆ, ಒಳಗಿನ ಮಷೀನು ಮಾತ್ರ ಓಡ್ತಿರುತ್ತೆ. ಬೇಕಾದ ಒಂದು ಕೋಟಿಯಲ್ಲಿ ಅರ್ಧ ಸಾಲ, ಯಂತ್ರದ ಮೇಲಷ್ಟೇ. ಇನ್ನರ್ಧ ಷೇರು. ನನ್ನ ಪಾಲು 25 ಲಕ್ಷ, ಫ್ಲ್ಯಾಟಿಗೆ ಅಂತ ಕೂಡಿಟ್ಟದ್ದು, ಷೇರಿಗೆ 200ರಂತೆ ಹನ್ನೆರಡೂವರೆ ಸಾವಿರ ಷೇರು. ಬೆಂಗಳೂರಿಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ಲಾರಿ ಮಾರಾಟದ ಅಂಕಿ ಪ್ರತಿ ತಿಂಗಳು ಬರುತ್ತಾ?" ಬರುತ್ತೆ. ತಯಾರಕರ ಸಂಘ ಕಾಲಕಾಲಕ್ಕೆ ಕೊಡುತ್ತೆ, ಕಂಪನಿಗಳು ತಿಂಗಳ ಮೊದಲ ವಾರದಲ್ಲೇ ಹೇಳ್ತವೆ. ಈಗ ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲಿ ಅದೊಂದು ಚೀಟಿ ಇದೆ.